ತೂಕದ ಪಕ್ಕ ಕೆಜಿ ಕಾಣಬೇಕು, ಆದ್ರೆ ಮೊತ್ತ ಕೆಡಬಾರದು: ಎಕ್ಸೆಲ್‌ನಲ್ಲಿ ಹೇಗೆ?

ಸಕಲೇಶಪುರದ ಸುಮಾ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಳುಮೆಣಸು ಕೊಳ್ಳುವ ಸಣ್ಣ ವ್ಯಾಪಾರ. ಚೀಲ ತೂಗಿದ ಹಾಗೆ ಎಕ್ಸೆಲ್‌ನಲ್ಲಿ ಬರೆದುಕೊಳ್ಳುತ್ತೇವೆ. ಹೊಸದಾಗಿ ಸೇರಿದ ಹುಡುಗ ನೀಟಾಗಿ ಕಾಣಲಿ ಅಂತ ಪ್ರತಿ ತೂಕದ ಪಕ್ಕ "kg" ಅಂತ ಟೈಪ್ ಮಾಡಿದ್ದಾನೆ. ಈಗ ಕೆಳಗಿನ ಮೊತ್ತ ಸೊನ್ನೆ ಬರುತ್ತಿದೆ. ಇವತ್ತಿನ ಆರು ಚೀಲ ಹೀಗಿವೆ:

48.5 kg, 51.25 kg, 47.75 kg, 50 kg, 49.5 kg, 52 kg

ತೇವಾಂಶಕ್ಕೆ 2% ಕಡಿತ ಇನ್ನೊಂದು ಸೆಲ್‌ನಲ್ಲಿದೆ. ಮಾರಲು ಬಂದವರಿಗೆ ಪ್ರಿಂಟ್ ತೆಗೆದು ಕೊಡುವುದರಿಂದ ಕೆಜಿ ಅಂತ ಕಾಣಲೇಬೇಕು. ಮೊತ್ತವೂ ಸರಿ ಬರಬೇಕು. ಏನು ಮಾಡುವುದು?

ಲಂಡನ್ ಶೆಟ್ಟಿ

ಇದು ಸುಲಭ ಅಲ್ವಾ. CONVERT ಅಂತ ಫಾರ್ಮುಲಾ ಇದೆ. ನಾನಿಲ್ಲಿ ದಿನಾ ಬಳಸುತ್ತೇನೆ:

```
=CONVERT(B2,"kg","lbm")
```

ಕೆಜಿ ಪೌಂಡ್ ಆಗಿ ಬರುತ್ತದೆ.

ಸಕಲೇಶಪುರದ ಸುಮಾ

ಶೆಟ್ರೇ, ನನಗೆ ಪೌಂಡ್ ಬೇಡ. ಕೆಜಿ ಕೆಜಿಯಾಗೇ ಇರಲಿ, ಬರೀ ಪಕ್ಕದಲ್ಲಿ ಕಾಣಿಸಿದರೆ ಸಾಕು 😄

ಶೀಟು ಮೇಷ್ಟ್ರು

ಸುಮಾ ಅವರೇ, "48.5 kg" ಅಂತ ಟೈಪ್ ಮಾಡಿದ ಕೂಡಲೇ ಎಕ್ಸೆಲ್‌ಗೆ ಅದು ಸಂಖ್ಯೆ ಅಲ್ಲ, ಬರೀ ಅಕ್ಷರ. SUM ಅಕ್ಷರಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಅದಕ್ಕೇ ಸೊನ್ನೆ. ಅದೇ ಜಾಗದಲ್ಲಿ `=B2+B3` ಅಂತ ಹಾಕಿ ನೋಡಿ, `#VALUE!` ಬರುತ್ತದೆ. ಒಂದು ಲೆಕ್ಕದಲ್ಲಿ ಅದೇ ವಾಸಿ. ತಪ್ಪಾಗಿದೆ ಅಂತ ಬಾಯಿಬಿಟ್ಟಾದರೂ ಹೇಳುತ್ತದೆ.

ಮೊದಲು ಈಗಿರುವ ಕೆಜಿ ತೆಗೆಯಿರಿ. ತೂಕದ ಸೆಲ್‌ಗಳನ್ನಷ್ಟೇ ಸೆಲೆಕ್ಟ್ ಮಾಡಿ, Ctrl+H ಒತ್ತಿ, Find what ಜಾಗದಲ್ಲಿ kg ಬರೆದು, Replace with ಖಾಲಿ ಬಿಟ್ಟು Replace All ಕೊಡಿ. ಸಂಖ್ಯೆಗಳು ಸೆಲ್‌ನ ಬಲಗಡೆಗೆ ಸರಿದರೆ ಕೆಲಸ ಆಯಿತು ಅಂತ ಅರ್ಥ. ಎಡಗಡೆಯೇ ಅಂಟಿಕೊಂಡಿದ್ದರೆ ಅವು ಇನ್ನೂ ಅಕ್ಷರವೇ. ಮೊದಲೇ ಯಾರೋ ಎಡಕ್ಕೋ ನಡುವಿಗೋ ಅಲೈನ್ ಮಾಡಿಟ್ಟಿದ್ದರೆ ಮಾತ್ರ ಈ ಗುರುತು ನಂಬಬೇಡಿ.

ಆಮೇಲೆ ಅದೇ ಸೆಲ್‌ಗಳ ಮೇಲೆ Ctrl+1 ಒತ್ತಿ. Number ಟ್ಯಾಬ್‌ನಲ್ಲಿ ಕೊನೆಗೆ Custom ಇರುತ್ತದೆ. Type ಅನ್ನುವ ಪೆಟ್ಟಿಗೆಯಲ್ಲಿರುವುದನ್ನು ಅಳಿಸಿ ಇದನ್ನು ಹಾಕಿ:

```
0.0" kg"
```

ಸೆಲ್ ಒಳಗೆ 48.5 ಮಾತ್ರ ಇರುತ್ತದೆ, ಮೇಲೆ 48.5 kg ಅಂತ ಕಾಣುತ್ತದೆ. ಫಾರ್ಮುಲಾ ಬಾರ್ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಕೆಜಿ ಇರುವುದಿಲ್ಲ. ಇನ್ನು ಮುಂದೆ ಹುಡುಗ ಬರೀ 48.5 ಅಂತ ಹೊಡೆದರೆ ಸಾಕು. ಕನ್ನಡದಲ್ಲೇ ಬೇಕು ಅಂದ್ರೆ `0.0" ಕೆಜಿ"` ಅಂತಲೂ ಹಾಕಬಹುದು.

ಕೋಟ್ ಮಾತ್ರ ಮರೆಯಬೇಡಿ. m, d, h, s, y ಇವೆಲ್ಲ ಎಕ್ಸೆಲ್‌ಗೆ ದಿನಾಂಕ, ಸಮಯದ ಗುರುತುಗಳು. ಕೋಟ್ ಇಲ್ಲದೆ ಬಂದರೆ ಗಲಾಟೆ. ವಾಟ್ಸಾಪ್‌ನಿಂದ ಕಾಪಿ ಮಾಡಿದರೆ ಕೋಟ್ ಬಾಗಿದ್ದು ಬರುವುದುಂಟು, ಅದು ನಡೆಯಲ್ಲ. ಕೀಬೋರ್ಡಿನಲ್ಲೇ ನೆಟ್ಟಗಿರುವ ಕೋಟ್ ಹೊಡೆಯಿರಿ.

ಸಕಲೇಶಪುರದ ಸುಮಾ

ಬಂತು ಮೇಷ್ಟ್ರೇ! ಮೊತ್ತ 299.0 kg. ತುಂಬಾ ಥ್ಯಾಂಕ್ಸ್.

ಆದ್ರೆ ಈಗ ಇನ್ನೊಂದು ತಕರಾರು. ಮೆಣಸು ತಂದವರು ಪ್ರಿಂಟ್ ಹಿಡಿದುಕೊಂಡು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಕೂಡಿದರು. ಅವರಿಗೆ 299.1 ಬರುತ್ತಿದೆ. ನಾನೂ ಕೂಡಿದೆ, ನನಗೂ 299.1! ಕೆಜಿಗೆ 650 ರೂಪಾಯಿ ಅಂತ ಹಿಡಿದರೂ 65 ರೂಪಾಯಿ ವ್ಯತ್ಯಾಸ. ಅವರು ಸುಮ್ನೆ ಬಿಡುತ್ತಾರಾ?

ಹಳೇ ಅಕೌಂಟೆಂಟ್

ಇದು ರೌಂಡಿಂಗ್ ಸಮಸ್ಯೆ ಅಮ್ಮ. ನಮ್ಮ ಆಫೀಸಿನಲ್ಲಿ ಇದಕ್ಕೆ ಒಂದೇ ಮದ್ದು ಮಾಡಿದ್ದೆವು. File, Options, Advanced ಒಳಗೆ ಕೆಳಗೆ ಹೋದರೆ Set precision as displayed ಅಂತ ಇದೆ. ಟಿಕ್ ಮಾಡಿಬಿಡಿ. ಕಾಣುವುದಕ್ಕೂ ಕೂಡುವುದಕ್ಕೂ ವ್ಯತ್ಯಾಸವೇ ಬರುವುದಿಲ್ಲ.

ಶೀಟು ಮೇಷ್ಟ್ರು

ಸುಮಾ ಅವರೇ, ದಯವಿಟ್ಟು ಅದನ್ನು ಟಿಕ್ ಮಾಡಬೇಡಿ!

ಅಕೌಂಟೆಂಟ್ ಸರ್, ಕಾರಣ ಸರಿಯಾಗಿಯೇ ಹಿಡಿದಿದ್ದೀರಿ. ಮದ್ದು ಮಾತ್ರ ಜಾಸ್ತಿ ಖಾರ ಆಯಿತು. `0.0` ಅಂದರೆ ಒಂದು ದಶಾಂಶ ಮಾತ್ರ ತೋರಿಸು ಅಂತ. ಒಳಗಿನ 51.25 ಹೊರಗೆ 51.3 ಆಗಿ ಕಾಣುತ್ತದೆ, 47.75 ಇದ್ದದ್ದು 47.8 ಆಗಿ ಕಾಣುತ್ತದೆ. ಎರಡರಲ್ಲೂ 0.05 ಜಾಸ್ತಿ ಕಂಡಿದೆ, ಎರಡೂ ಸೇರಿ 0.1. ಎಕ್ಸೆಲ್ ಕೂಡಿದ್ದು ಒಳಗಿನ ನಿಜವಾದ ತೂಕವನ್ನು, ಮೆಣಸು ತಂದವರು ಕೂಡಿದ್ದು ಕಾಗದದಲ್ಲಿ ಕಂಡದ್ದನ್ನು. ಇಬ್ಬರ ಲೆಕ್ಕವೂ ಸರಿಯೇ.

ಆ ಟಿಕ್ ಹಾಕಿದರೆ 51.25 ನಿಜವಾಗಿಯೇ 51.3 ಆಗಿಬಿಡುತ್ತದೆ. ಆ ಫೈಲಿನ ಎಲ್ಲ ಶೀಟಿನಲ್ಲೂ ಹಾಗೇ. ಆಮೇಲೆ ಟಿಕ್ ತೆಗೆದರೂ ಹಳೇ 51.25 ವಾಪಸ್ ಬರುವುದಿಲ್ಲ. ತೂಕ ಬದಲಾಗಬಾರದು ಅನ್ನುವುದೇ ಇವರ ಪ್ರಶ್ನೆ ಅಲ್ವಾ?

ನಿಮ್ಮ ತಕ್ಕಡಿ ಎರಡು ದಶಾಂಶ ತೋರಿಸುತ್ತದೆ ಅಂತ ಕಾಣುತ್ತೆ. ಹಾಗಾದರೆ ಶೀಟೂ ಎರಡು ದಶಾಂಶ ತೋರಿಸಲಿ:

```
0.00" kg"
```

ಪ್ರಿಂಟ್‌ನಲ್ಲಿ 51.25, 47.75 ಅಂತಲೇ ಬರುತ್ತದೆ. ಯಾರು ಕೂಡಿದರೂ 299.00.

ಹಳೇ ಅಕೌಂಟೆಂಟ್

ಒಪ್ಪಿದೆ, ತೂಕದ ಶೀಟಿಗೆ ಅದು ಬೇಡ. ನಾವು ಬಳಸಿದ್ದು ಪೈಸೆ ರೌಂಡ್ ಮಾಡುವ ಲೆಕ್ಕಕ್ಕೆ. ಆದರೂ ಬಿಲ್ಲಿನ ಹಣದ ಸೆಲ್‌ಗೆ ROUND ಹಾಕಲೇಬೇಕು. ಅಲ್ಲಿ ಫಾರ್ಮ್ಯಾಟ್ ನಂಬಿಕೊಂಡು ಕೂತರೆ ಇದೇ ಜಗಳ ರೂಪಾಯಿಯಲ್ಲಿ ಶುರುವಾಗುತ್ತದೆ.

ಶೀಟು ಮೇಷ್ಟ್ರು

ಅದು ನಿಜ ಸರ್. ಕೊಡುವ ಹಣ ನಿಜವಾಗಿಯೇ ರೌಂಡ್ ಆಗಬೇಕು, ಅಲ್ಲಿಗೆ ROUND ಬೇಕು.

ಬೇಕರಿ ಭಾರತಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನನ್ನದು ಬೇಕರಿ ಸಾಮಾನಿನ ಲೆಕ್ಕ, ಎಲ್ಲ ಗ್ರಾಂನಲ್ಲಿ ಬರೆಯುತ್ತೇನೆ. 250 ಅಂದರೆ 250 g ಅಂತ ಕಾಣಲಿ, 1250 ಅಂದರೆ 1.25 kg ಅಂತ ಕಾಣಲಿ. ಒಂದೇ ಫಾರ್ಮ್ಯಾಟಿನಲ್ಲಿ ಆಗುತ್ತಾ?

ಶೀಟು ಮೇಷ್ಟ್ರು

ಆಗುತ್ತೆ ಭಾರತಿಯವರೇ.

```
[<1000]0" g";0.00," kg"
```

1000ಕ್ಕಿಂತ ಕಡಿಮೆ ಇದ್ದರೆ ಮೊದಲ ತುಂಡು, ಇಲ್ಲದಿದ್ದರೆ ಎರಡನೆಯದು. `0.00` ಆದ ಮೇಲೆ ಒಂದು ಅಲ್ಪವಿರಾಮ ಇದೆ ನೋಡಿ, ಅದೇ ಮುಖ್ಯ. ಅದು ಇದ್ದರೆ ಎಕ್ಸೆಲ್ 1000ದಿಂದ ಭಾಗಿಸಿ ತೋರಿಸುತ್ತದೆ. ಸೆಲ್ ಒಳಗೆ 1250 ಹಾಗೇ ಇರುತ್ತದೆ. ಹಾಗಾಗಿ ದರ ಗುಣಿಸುವಾಗ ಅದು ಗ್ರಾಂ ಅನ್ನುವುದು ನಿಮ್ಮ ತಲೆಯಲ್ಲಿರಬೇಕು. ಕೆಜಿ ದರ ಆದರೆ ಫಾರ್ಮುಲಾದಲ್ಲಿ ನೀವೇ 1000ದಿಂದ ಭಾಗಿಸಬೇಕು.

ಒಂದು ಸಣ್ಣ ಎಡವಟ್ಟು ಇದೆ. 999.6 ಗ್ರಾಂ ಇದ್ದರೆ "1000 g" ಅಂತ ಕಾಣುತ್ತದೆ. ಸಂಖ್ಯೆ 1000ಕ್ಕಿಂತ ಕಡಿಮೆ ಇರುವುದರಿಂದ ಮೊದಲ ತುಂಡಿಗೇ ಹೋಗಿ, ಅಲ್ಲಿ ರೌಂಡ್ ಆಗುತ್ತದೆ.

ಅಡಿಕೆ ಮಂಡಿ

ಹಾಗಾದ್ರೆ ಕ್ವಿಂಟಾಲ್? ನಮ್ಮದೆಲ್ಲ ಕ್ವಿಂಟಾಲ್ ಲೆಕ್ಕ. ಕೆಜಿ ಹೊಡೆದರೆ ಕ್ವಿಂಟಾಲ್ ಆಗಿ ಕಾಣಬೇಕು.

ಶೀಟು ಮೇಷ್ಟ್ರು

ಆ ಅಲ್ಪವಿರಾಮಕ್ಕೆ 1000 ಒಂದೇ ಗೊತ್ತು. ಎರಡು ಹಾಕಿದರೆ 10 ಲಕ್ಷ. 100ರಿಂದ ಭಾಗಿಸಲು ನೇರ ದಾರಿ ಇಲ್ಲ. ಸುತ್ತು ಬಳಸಿನ ದಾರಿ ಹುಡುಕುವ ಬದಲು ಪಕ್ಕದ ಕಾಲಮ್‌ನಲ್ಲಿ `=B2/100` ಹಾಕಿ, ಅದಕ್ಕೆ `0.00" ಕ್ವಿಂ"` ಫಾರ್ಮ್ಯಾಟ್ ಕೊಡಿ. ನಾಳೆ ಬೇರೆಯವರು ಫೈಲ್ ತೆಗೆದರೂ ಅರ್ಥ ಆಗುತ್ತದೆ.

ಸಕಲೇಶಪುರದ ಸುಮಾ

ಮೇಷ್ಟ್ರೇ, ಮತ್ತೆ ಬಂದೆ 🙏 ಮಧ್ಯಾಹ್ನ ನಾನಿಲ್ಲದಾಗ ಹುಡುಗ ಅದೇ ಆರು ಚೀಲವನ್ನು ಹೊಸ ಶೀಟಿನಲ್ಲಿ ಮತ್ತೆ ಬರೆದಿದ್ದಾನೆ. ಫಾರ್ಮ್ಯಾಟ್ ಇದೆ. ಎಲ್ಲದರ ಪಕ್ಕದಲ್ಲೂ kg ಕಾಣುತ್ತಿದೆ. ಆದ್ರೆ ಮೊತ್ತ 197.00 kg! 102 ಕೆಜಿ ಎಲ್ಲಿ ಹೋಯಿತು?

ಶೀಟು ಮೇಷ್ಟ್ರು

102 ಅಂದರೆ 50 ಮತ್ತು 52. ನಾಲ್ಕನೇ ಚೀಲ, ಆರನೇ ಚೀಲ. ಆ ಎರಡು ಸೆಲ್ ಮೇಲೆ ಕ್ಲಿಕ್ ಮಾಡಿ ಫಾರ್ಮುಲಾ ಬಾರ್ ನೋಡಿ. "50 kg", "52 kg" ಅಂತ ಪೂರ್ತಿ ಕಾಣಬೇಕು.

ಸಕಲೇಶಪುರದ ಸುಮಾ

ಹೌದು! ಹಾಗೇ ಇದೆ. ಅಭ್ಯಾಸಬಲದಲ್ಲಿ ಹೊಡೆದಿದ್ದಾನೆ. ಈಗ ಗಮನಿಸಿದರೆ ಅವೆರಡರಲ್ಲಿ .00 ಕೂಡ ಇಲ್ಲ.

ಶೀಟು ಮೇಷ್ಟ್ರು

ಈ ಫಾರ್ಮ್ಯಾಟಿನ ನಿಜವಾದ ಅಪಾಯ ಇದೇ. ಮೊದಲು ಕೆಜಿ ಕಂಡರೆ ಅಕ್ಷರ ಅಂತ ಗೊತ್ತಾಗುತ್ತಿತ್ತು. ಈಗ ಸಂಖ್ಯೆಯೂ ಅಕ್ಷರವೂ ಒಂದೇ ವೇಷದಲ್ಲಿ ನಿಂತಿವೆ. "50.00 kg" ಅಂತಲೇ ಹೊಡೆದಿದ್ದರೆ, ಕಾಲಮ್ ನಡುವಿಗೆ ಅಲೈನ್ ಆಗಿದ್ದರೆ, ಕಣ್ಣಿನಿಂದ ಹಿಡಿಯೋಕೆ ಆಗುತ್ತಲೇ ಇರಲಿಲ್ಲ. ಸೊನ್ನೆ ಬಂದರೆ ಯಾರಾದರೂ ಕೇಳುತ್ತಾರೆ. 299ರ ಬದಲು 197 ಬಂದರೆ ತುಂಬಾ ಜನ ಹಾಗೇ ಸಹಿ ಹಾಕಿಬಿಡುತ್ತಾರೆ.

ಇದಕ್ಕೆ ಫಾರ್ಮ್ಯಾಟಿನಲ್ಲೇ ಪರಿಹಾರ ಇದೆ. ಕಸ್ಟಮ್ ಫಾರ್ಮ್ಯಾಟಿಗೆ ಅರ್ಧವಿರಾಮ ಹಾಕಿ ನಾಲ್ಕು ತುಂಡು ಕೊಡಬಹುದು. ಮೊದಲನೆಯದು ಧನ ಸಂಖ್ಯೆಗೆ, ಎರಡನೆಯದು ಋಣ ಸಂಖ್ಯೆಗೆ, ಮೂರನೆಯದು ಸೊನ್ನೆಗೆ, ನಾಲ್ಕನೆಯದು ಅಕ್ಷರಕ್ಕೆ. ಆ ನಾಲ್ಕನೆಯದನ್ನು ಯಾರೂ ಮುಟ್ಟುವುದಿಲ್ಲ. ನಮಗೆ ಬೇಕಾಗಿರುವುದು ಅದೇ:

```
0.00" kg";-0.00" kg";0.00" kg";[Red]"ತಪ್ಪು: "@
```

`@` ಅಂದರೆ ಸೆಲ್‌ನಲ್ಲಿ ಹೊಡೆದ ಅಕ್ಷರ ಇದ್ದ ಹಾಗೆ. ಈಗ ಹುಡುಗ 50 ಅಂತ ಹೊಡೆದರೆ 50.00 kg. "50 kg" ಅಂತ ಹೊಡೆದರೆ ಕೆಂಪು ಬಣ್ಣದಲ್ಲಿ "ತಪ್ಪು: 50 kg" ಅಂತ ಎದ್ದು ಕಾಣುತ್ತದೆ. ಖಾಲಿ ಸೆಲ್ ಖಾಲಿಯೇ ಇರುತ್ತದೆ. ಪೂರ್ತಿ ಕಾಲಮ್‌ಗೆ ಹಾಕಿದರೆ ಮೇಲಿನ "ತೂಕ" ಅನ್ನುವ ಹೆಡಿಂಗ್ ಕೂಡ ಕೆಂಪಾಗಿ "ತಪ್ಪು: ತೂಕ" ಆಗುತ್ತದೆ. ಹಾಗಾಗಿ ಹೆಡಿಂಗ್ ಬಿಟ್ಟು ಕೆಳಗಿನದ್ದಕ್ಕೆ ಮಾತ್ರ ಹಾಕಿ.

ಎರಡನೇ ತುಂಡಿನಲ್ಲಿ ಮೈನಸ್ ನಾನೇ ಬರೆದಿದ್ದೇನೆ, ನೋಡಿ. ಅಲ್ಲಿ ಅದನ್ನು ಬಿಟ್ಟರೆ ವಾಪಸ್ ಕಳಿಸಿದ 5 ಕೆಜಿ ಮೈನಸ್ ಇಲ್ಲದೆ "5.00 kg" ಅಂತಲೇ ಕಾಣುತ್ತದೆ.

ಹಳೇ ಅಕೌಂಟೆಂಟ್

ಕೆಂಪು ಮಾಡಿ ತೋರಿಸುವುದಕ್ಕಿಂತ ಒಳಗೇ ಬಿಡದಿದ್ದರೆ ಆಯಿತಲ್ಲ? Data Validation ಹಾಕಿ. Allow ಜಾಗದಲ್ಲಿ Decimal, greater than, 0. "50 kg" ಅಂತ ಹೊಡೆದರೆ ಎಕ್ಸೆಲ್ ತಗೊಳ್ಳೋದೇ ಇಲ್ಲ.

ಶೀಟು ಮೇಷ್ಟ್ರು

ಹಾಕಲೇಬೇಕು ಸರ್, ಒಳ್ಳೆಯದು ಹೇಳಿದಿರಿ. ಆದ್ರೆ ಅದು ಟೈಪ್ ಮಾಡಿದ್ದನ್ನು ಮಾತ್ರ ತಡೆಯುತ್ತದೆ. ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯನ್ನು ಪೇಸ್ಟ್ ಮಾಡಿದರೆ ತಡೆಯುವುದಿಲ್ಲ. ಬೇರೆ ಶೀಟಿನಿಂದ ಪೇಸ್ಟ್ ಮಾಡಿದರಂತೂ ನಾವು ಹಾಕಿದ ಫಾರ್ಮ್ಯಾಟೂ ಅಳಿಸಿಹೋಗಿ ಅಲ್ಲಿಯದ್ದೇ ಬಂದು ಕೂರುತ್ತದೆ. ಅದಕ್ಕೇ ಮೊತ್ತದ ಪಕ್ಕ ಇನ್ನೊಂದು ಸೆಲ್‌ನಲ್ಲಿ ಇದನ್ನೂ ಇಟ್ಟುಕೊಳ್ಳಿ:

```
=COUNTA(B2:B7)-COUNT(B2:B7)
```

COUNTA ತುಂಬಿದ ಸೆಲ್ ಎಲ್ಲ ಎಣಿಸುತ್ತದೆ, COUNT ಸಂಖ್ಯೆ ಇರುವುದನ್ನು ಮಾತ್ರ. ಸೊನ್ನೆ ಬಂದರೆ ಸರಿ. ಇವತ್ತು ಸುಮಾ ಅವರ ಶೀಟಿನಲ್ಲಿ ಹಾಕಿದ್ದರೆ 2 ಬರುತ್ತಿತ್ತು.

ಸಕಲೇಶಪುರದ ಸುಮಾ

ಮೂರೂ ಹಾಕಿದೆ. ಕೆಂಪು ಬಣ್ಣ ನೋಡಿ ಹುಡುಗ ಗಾಬರಿ ಆದ 😂

ಈಗ ಕಡಿತದ ಶೇಕಡಾ. ಸೆಲ್‌ನಲ್ಲಿ 2 ಇತ್ತು. ಮೇಲಿನ ಟೂಲ್‌ಬಾರ್‌ನಲ್ಲಿ % ಗುಂಡಿ ಒತ್ತಿದರೆ 200% ಆಗುತ್ತಿದೆ. ಯಾಕೆ?

ಎಕ್ಸೆಲ್ ಪ್ರವೀಣ

ಅದಕ್ಕೂ ಕೆಜಿ ಟ್ರಿಕ್ಕೇ ಸಾಕು! Custom ಒಳಗೆ `0"%"` ಅಂತ ಹಾಕಿ. 2 ಇದ್ದದ್ದು 2% ಅಂತ ಕಾಣುತ್ತೆ. ಕೋಟ್ ಒಳಗಿರುವ % ಬರೀ ಚಿಹ್ನೆ, 100ರಿಂದ ಗುಣಿಸಲ್ಲ. ನಾನು ಎಲ್ಲ ಕಡೆ ಹೀಗೇ ಮಾಡೋದು.

ಸಕಲೇಶಪುರದ ಸುಮಾ

ಹಾಕಿದೆ, 2% ಅಂತ ಕಾಣುತ್ತಿದೆ. ಆದ್ರೆ ಕಡಿತ ಕಳೆದ ತೂಕ ಮೈನಸ್ 299 ಬರುತ್ತಿದೆ! ನನ್ನ ಫಾರ್ಮುಲಾ ಇದು:

```
=B8*(1-D1)
```

ಶೀಟು ಮೇಷ್ಟ್ರು

ಪ್ರವೀಣ ಹೇಳಿದ್ದು ಸುಳ್ಳಲ್ಲ, ಚಿಹ್ನೆ ಕಾಣುತ್ತದೆ. ಆದರೆ ಸೆಲ್ ಒಳಗೆ ಇನ್ನೂ 2 ಇದೆ. ಎಕ್ಸೆಲ್ ಮಾಡಿದ್ದು 299 × (1 − 2). ಅದಕ್ಕೇ −299. ಕೆಜಿ ಬರೀ ಹೆಸರು, ಅದರಿಂದ ಬೆಲೆ ಬದಲಾಗಲ್ಲ. ಶೇಕಡಾ ಹಾಗಲ್ಲ, ಅದರೊಳಗೆ ನೂರರಿಂದ ಭಾಗಿಸುವ ಲೆಕ್ಕ ಅಡಗಿದೆ.

% ಗುಂಡಿ ಒತ್ತಿದಾಗ ಎಕ್ಸೆಲ್ ಒಳಗಿನ ಸಂಖ್ಯೆ ಮುಟ್ಟುವುದಿಲ್ಲ, 100ರಿಂದ ಗುಣಿಸಿ ತೋರಿಸುತ್ತದೆ. 2 ಇದ್ದರೆ 200% ಕಾಣುವುದು ಸಹಜ. ಹಾಗಾಗಿ ಸೆಲ್ ಒಳಗೆ 0.02 ಇರಬೇಕು. ಸುಲಭ ದಾರಿ ಅಂದರೆ ಮೊದಲು ಸೆಲ್ ಖಾಲಿ ಮಾಡಿ, `0.0%` ಫಾರ್ಮ್ಯಾಟ್ ಕೊಟ್ಟು, ಆಮೇಲೆ 2% ಅಂತ ಟೈಪ್ ಮಾಡಿ. ಆಗ ಒಳಗೆ 0.02 ಕೂರುತ್ತದೆ. ನಿಮ್ಮ ಫಾರ್ಮುಲಾ ಬದಲಿಸುವುದು ಬೇಡ, 293.02 kg ಬರುತ್ತದೆ. 650ರಂತೆ 1,90,463 ರೂಪಾಯಿ.

`0%` ಬದಲು `0.0%` ಹೇಳಿದ್ದಕ್ಕೂ ಕಾರಣ ಇದೆ. ನಾಳೆ ಕಡಿತ 2.5% ಆದರೆ `0%` ಅದನ್ನು 3% ಅಂತ ತೋರಿಸುತ್ತದೆ. ಬೆಳಿಗ್ಗೆ ಆದ ಜಗಳವೇ ಮತ್ತೆ.

ಎಕ್ಸೆಲ್ ಪ್ರವೀಣ

ಫಾರ್ಮುಲಾದಲ್ಲಿ `D1/100` ಹಾಕಿಕೊಂಡರೆ ನನ್ನದೂ ಸರಿ ಬರುತ್ತಲ್ಲ ಮೇಷ್ಟ್ರೇ. ನನ್ನ ಶೀಟುಗಳಲ್ಲಿ ಎಲ್ಲ ಹಾಗೇ ಇದೆ, ತೊಂದರೆ ಏನೂ ಆಗಿಲ್ಲ. ನಮಗೆ ಬರುವ ಡೇಟಾದಲ್ಲಿ ಶೇಕಡಾ 2, 5, 18 ಅಂತಲೇ ಇರುತ್ತೆ.

ಶೀಟು ಮೇಷ್ಟ್ರು

ನೀವೊಬ್ಬರೇ ಬಳಸುವ ಶೀಟಾದರೆ ನಡೆಯುತ್ತೆ. ಬೇರೆಯವರು ಆ ಸೆಲ್‌ನಲ್ಲಿ 2% ಅಂತ ಟೈಪ್ ಮಾಡಿ ನೋಡಲಿ. ಒಳಗೆ 0.02 ಹೋಗಿ, ನಿಮ್ಮ `0"%"` ಅದನ್ನು 0% ಅಂತ ತೋರಿಸುತ್ತದೆ. ಫಾರ್ಮುಲಾ ಮತ್ತೆ ನೂರರಿಂದ ಭಾಗಿಸುತ್ತದೆ, ಕಡಿತವೇ ಇಲ್ಲದ ಹಾಗೆ ಆಗುತ್ತದೆ.

ಎಕ್ಸೆಲ್ ಪ್ರವೀಣ

ಹ್ಮ್. ಅದು ಹೌದು. ಆದರೂ 0.18 ಅಂತ ಡೇಟಾ ಇಡೋದು ನನಗೆ ಒಗ್ಗಲ್ಲ.

ಅಡಿಕೆ ಮಂಡಿ

ನಮ್ಮಲ್ಲಿ ಆದದ್ದು ಹೇಳ್ತೀನಿ, ಇದೂ ಗೊತ್ತಿರಲಿ. ನಾವೂ ತೂಕಕ್ಕೆ kg ಫಾರ್ಮ್ಯಾಟ್ ಹಾಕಿದ್ದೆವು, ಚೆನ್ನಾಗಿತ್ತು. ತಿಂಗಳ ಕೊನೆಗೆ ಫೈಲನ್ನು ಸಿಎಸ್‌ವಿ ಮಾಡಿ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಒಂದೂ ಸಾಲು ತಗೊಳ್ಳಲಿಲ್ಲ. ನೋಟ್‌ಪ್ಯಾಡಿನಲ್ಲಿ ತೆಗೆದರೆ ಎಲ್ಲ ಸಾಲಿನಲ್ಲೂ "48.50 kg" ಅಂತಿದೆ. ಬೆಲೆ ಬದಲಾಗಲ್ಲ ಅಂತೀರಿ, ಹಾಗಾದ್ರೆ ಇದು ಹೇಗೆ?

ಶೀಟು ಮೇಷ್ಟ್ರು

ಎಕ್ಸೆಲ್ ಫೈಲಿನೊಳಗೆ ಬದಲಾಗುವುದಿಲ್ಲ. ಸಿಎಸ್‌ವಿ ಮಾಡುವಾಗ ಮಾತ್ರ ಎಕ್ಸೆಲ್ ಕಂಡದ್ದನ್ನೇ ಬರೆಯುತ್ತದೆ. ಕೆಜಿಯೂ ಹೋಗುತ್ತದೆ, ರೌಂಡ್ ಆಗಿ ಕಂಡದ್ದೂ ಹಾಗೇ ಹೋಗುತ್ತದೆ. `0.0` ಇದ್ದಿದ್ದರೆ 51.25 ಅಲ್ಲಿ 51.3 ಆಗಿಯೇ ಕೂರುತ್ತಿತ್ತು. ಹಾಗಾಗಿ ಸಿಎಸ್‌ವಿ ಮಾಡುವ ಮುಂಚೆ ಶೀಟಿನ ಒಂದು ಕಾಪಿ ಮಾಡಿ, ಆ ಕಾಲಮ್‌ಗಳಿಗೆ Ctrl+1 ಒತ್ತಿ General ಕೊಟ್ಟು, ಆಮೇಲೆ ಸೇವ್ ಮಾಡಿ.

ಇನ್ನೊಂದು ಕಡೆ ಇದು ಉಲ್ಟಾ ಆಗುತ್ತದೆ. ವಾಕ್ಯದೊಳಗೆ ಸೇರಿಸಿದರೆ ಫಾರ್ಮ್ಯಾಟ್ ಜೊತೆಗೆ ಬರುವುದಿಲ್ಲ. `="ಒಟ್ಟು ತೂಕ "&B8` ಅಂತ ಹಾಕಿದರೆ ಬರೀ 299 ಬರುತ್ತದೆ. ಅಲ್ಲಿ ಹೀಗೆ ಬರೆಯಬೇಕು:

```
="ಒಟ್ಟು ತೂಕ "&TEXT(B8,"0.00")&" kg"
```

ಈ ಸೆಲ್ ಓದುವುದಕ್ಕೆ ಮಾತ್ರ. ಇದನ್ನು ಮತ್ತೆ ಯಾವ ಲೆಕ್ಕಕ್ಕೂ ಎಳೆಯಬೇಡಿ.

ಹಳೇ ಅಕೌಂಟೆಂಟ್

ಇಷ್ಟೆಲ್ಲ ಯಾಕೆ ಬೇಕು ಅಂತ ನನಗೆ ಈಗಲೂ ಅರ್ಥ ಆಗುತ್ತಿಲ್ಲ. ಹೆಡಿಂಗಿನಲ್ಲಿ "ತೂಕ, ಕೆಜಿ" ಅಂತ ಒಂದು ಸಲ ಬರೆದರೆ ಮುಗಿಯಿತು. ಕೆಳಗೆ ಬರೀ ಸಂಖ್ಯೆ. ಸಿಎಸ್‌ವಿಯೂ ಸರಿ, ಹುಡುಗನೂ ಸರಿ.

ಸಕಲೇಶಪುರದ ಸುಮಾ

ಸರ್, ಪ್ರಿಂಟ್ ನೋಡುವವರು ಹೆಡಿಂಗ್ ಓದಲ್ಲ. ಸಂಖ್ಯೆ ಮೇಲೆ ಬೆರಳಿಟ್ಟು "ಇದು ಚೀಲವಾ, ಕೆಜಿಯಾ?" ಅಂತ ಕೇಳುತ್ತಾರೆ.

ಬೇಕರಿ ಭಾರತಿ

ನನ್ನ ಪಟ್ಟಿಯಲ್ಲಿ ಹೆಡಿಂಗ್ ಸಾಕಾಗಲ್ಲ ಸರ್. ಒಂದೇ ಕಾಲಮ್‌ನಲ್ಲಿ ಮೈದಾ ಗ್ರಾಂ, ಎಣ್ಣೆ ಲೀಟರ್, ಮೊಟ್ಟೆ ಎಣಿಕೆ. ಪಕ್ಕದ C ಕಾಲಮ್‌ನಲ್ಲಿ ಯಾವ ಅಳತೆ ಅಂತ ಬರೆದಿರುತ್ತೇನೆ.

ಶೀಟು ಮೇಷ್ಟ್ರು

ಅದಕ್ಕೆ Conditional Formatting ಇದೆ. New Rule ಕೊಟ್ಟು, ಫಾರ್ಮುಲಾ ಬರೆಯುವ ಆಯ್ಕೆ ತಗೊಂಡು `=$C2="L"` ಅಂತ ಹಾಕಿ. Format ಒತ್ತಿದರೆ ಅಲ್ಲೂ Number ಟ್ಯಾಬ್ ಇರುತ್ತದೆ, ಅದರ Custom ಒಳಗೆ `0.0" L"` ಕೊಡಿ. ಮೊಟ್ಟೆಗೆ ಇನ್ನೊಂದು ರೂಲ್. ಗ್ರಾಂಗೆ ಮೊದಲು ಕೊಟ್ಟ ಫಾರ್ಮ್ಯಾಟೇ ಇರಲಿ. ಕೆಳಗೆ ಮೊತ್ತ ಮಾತ್ರ ಹಾಕಬೇಡಿ, ಮೈದಾ ಮೊಟ್ಟೆ ಎಲ್ಲ ಒಟ್ಟಿಗೆ ಕೂಡಿಬಿಡುತ್ತದೆ.

ಬೇಕರಿ ಭಾರತಿ

ನಾನು ಗೂಗಲ್ ಶೀಟ್ಸ್‌ನಲ್ಲಿ ಮಾಡುತ್ತಿರುವುದು. ಅಲ್ಲಿ ರೂಲ್ ಒಳಗೆ ಬಣ್ಣ, ದಪ್ಪ ಅಕ್ಷರ ಇಷ್ಟೇ ಇದೆ. ಸಂಖ್ಯೆಯ ಫಾರ್ಮ್ಯಾಟ್ ಕಾಣುತ್ತಿಲ್ಲ.

ಶೀಟು ಮೇಷ್ಟ್ರು

ಹೌದು, ಗೂಗಲ್ ಶೀಟ್ಸ್‌ನಲ್ಲಿ ರೂಲ್ ಮೂಲಕ ಅದು ಆಗುವುದಿಲ್ಲ. ಎಣ್ಣೆಯ ಸಾಲುಗಳಿಗೆ ಕೈಯಿಂದಲೇ ಬೇರೆ ಫಾರ್ಮ್ಯಾಟ್ ಕೊಡಬೇಕು. ಪಟ್ಟಿ ವಿಂಗಡಿಸಿ ಒಂದೊಂದು ಅಳತೆಯದ್ದನ್ನು ಒಟ್ಟಿಗೆ ತಂದರೆ ಬೇಗ ಮುಗಿಯುತ್ತದೆ. ಇದಕ್ಕಿಂತ ಒಳ್ಳೆ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ, ನಾನೂ ಹುಡುಕುತ್ತಿದ್ದೇನೆ.

ಹಳೇ ಅಕೌಂಟೆಂಟ್

C ಕಾಲಮ್‌ನಲ್ಲಿ ಅಳತೆ ಬರೆದೇ ಇದೆಯಲ್ಲಮ್ಮ. B, C ಎರಡನ್ನೂ ಅಂಟಿಸಿ ಪ್ರಿಂಟ್ ತೆಗೆಯಿರಿ, ನಡುವಿನ ಗೆರೆ ಅಳಿಸಿ.